3,000 ಕಟ್ಟಿದ ಮೇಲೂ ಬಾಕಿ ಏರಿದ್ದು ಹೇಗೆ? ಮಿನಿಮಮ್ ಡ್ಯೂ ಲೆಕ್ಕ ಯಾರಾದರೂ ಬಿಡಿಸಿ ಹೇಳಿ

ನಿದ್ದೆಗೆಟ್ಟವ · ಆಗಸ್ಟ್ 8, ರಾತ್ರಿ 11:40

ಎರಡು ದಿನದಿಂದ ಸ್ಟೇಟ್‌ಮೆಂಟ್ ಹಿಡಿದು ಕೂತಿದ್ದೇನೆ, ತಲೆಗೆ ಹೋಗುತ್ತಿಲ್ಲ. ಜೂನ್ 10ಕ್ಕೆ ಕ್ರೆಡಿಟ್ ಕಾರ್ಡ್‌ನಲ್ಲಿ ಒಂದು ಲ್ಯಾಪ್‌ಟಾಪ್ ತೆಗೆದುಕೊಂಡೆ, 60,000. ಪ್ರತಿ ತಿಂಗಳು 5ಕ್ಕೆ ಸ್ಟೇಟ್‌ಮೆಂಟ್ ಬರುತ್ತದೆ, 25ಕ್ಕೆ ಡ್ಯೂ ಡೇಟ್. ಜುಲೈ 5ರ ಸ್ಟೇಟ್‌ಮೆಂಟ್‌ನಲ್ಲಿ ಟೋಟಲ್ ಡ್ಯೂ 60,000, ಮಿನಿಮಮ್ ಡ್ಯೂ 3,000 ಅಂತ ಇತ್ತು. ಆ ತಿಂಗಳು ಕೈ ಬಿಗಿ ಇತ್ತು. 25ನೇ ತಾರೀಕಿಗೆ ಸರಿಯಾಗಿ 3,000 ಕಟ್ಟಿದೆ. ಆಮೇಲೆ ಕಾರ್ಡ್ ಮುಟ್ಟಿಯೂ ಇಲ್ಲ.

ಈಗ ಆಗಸ್ಟ್ 5ರ ಸ್ಟೇಟ್‌ಮೆಂಟ್ ಬಂದಿದೆ. ಬಾಕಿ 60,384! ಕಟ್ಟಿದ ಮೇಲೆ ಬಾಕಿ ಕಡಿಮೆ ಆಗಬೇಕು ಅಲ್ವಾ? ಬಡ್ಡಿ ವರ್ಷಕ್ಕೆ 36.5% ಅಂತ ಬರೆದಿದ್ದಾರೆ. ಅಂದರೆ ತಿಂಗಳಿಗೆ ಸುಮಾರು 3%. 57,000ಕ್ಕೆ 3% ಅಂದರೂ 1,710 ಆಗಬೇಕು. 3,384 ಎಲ್ಲಿಂದ ಬಂತು?

ಸಂಜೆ ಬಸ್ಸು · ಆಗಸ್ಟ್ 8, ರಾತ್ರಿ 11:58

ಲೇಟ್ ಫೀ ಇರಬೇಕು ನೋಡಿ. 25ಕ್ಕೆ ಕಟ್ಟಿದರೆ ಹಣ ಅವರಿಗೆ ತಲುಪುವುದು 26ಕ್ಕೋ 27ಕ್ಕೋ. ನನಗೂ ಹೀಗೇ ಆಗಿತ್ತು. ಫೋನ್ ಮಾಡಿ ಜಗಳ ಆಡಿದೆ, ವಾಪಸ್ ಹಾಕಿದರು. ನೀವೂ ಮಾಡಿ.

ನಿದ್ದೆಗೆಟ್ಟವ · ಆಗಸ್ಟ್ 9, ಬೆಳಗ್ಗೆ 7:15

ಇಲ್ಲ, ಲೇಟ್ ಫೀ ಸಾಲು ಸೊನ್ನೆ ಇದೆ. 3,384 ಪೂರ್ತಿ ಬಡ್ಡಿ ಅಂತಲೇ ಬರೆದಿದ್ದಾರೆ.

ವಿನಯ್ ಎಂ · ಆಗಸ್ಟ್ 9, ಬೆಳಗ್ಗೆ 8:02

ಹಾಗಾದರೆ ಅವರ ಲೆಕ್ಕವೇ ತಪ್ಪು. ಡ್ಯೂ ಡೇಟ್ ತನಕ ಬಡ್ಡಿ ಇಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಬಡ್ಡಿ ಶುರುವಾಗುವುದು ಜುಲೈ 25ರಿಂದ, ಅದೂ ಉಳಿದ 57,000ಕ್ಕೆ ಮಾತ್ರ. ಜುಲೈ 25ರಿಂದ ಆಗಸ್ಟ್ 5ರ ತನಕ 12 ದಿನ. ದಿನಕ್ಕೆ 57. ಒಟ್ಟು 684 ಬರಬೇಕು. ದೂರು ಕೊಡಿ ಸರ್, ಬಿಡಬೇಡಿ.

ಹಳೇ ಗುಮಾಸ್ತ · ಆಗಸ್ಟ್ 9, ಬೆಳಗ್ಗೆ 10:30

ದೂರು ಕೊಡುವ ಮೊದಲು ಸ್ವಲ್ಪ ತಡೆಯಿರಿ. ನಾನು ಹನ್ನೊಂದು ವರ್ಷ ಕಾರ್ಡ್ ಬಿಲ್ಲಿಂಗ್ ವಿಭಾಗದಲ್ಲಿ ಇದ್ದವನು. ಈ ಕರೆ ದಿನಕ್ಕೆ ಹತ್ತಾದರೂ ಬರುತ್ತಿತ್ತು.

ವಿನಯ್ ಅವರು ದಿನಕ್ಕೆ 57 ಅಂದದ್ದು ಸರಿ. ನಿಮ್ಮ ದರ ಲೆಕ್ಕಕ್ಕೆ ಬಹಳ ಅನುಕೂಲವಾಗಿದೆ. 36.5ನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 0.1%, ಅಂದರೆ ಸಾವಿರಕ್ಕೆ ದಿನಕ್ಕೆ ಒಂದು. ಆದರೆ ಬಡ್ಡಿ ಶುರುವಾಗುವ ದಿನ ಜುಲೈ 25 ಅಲ್ಲ. ನೀವು ಲ್ಯಾಪ್‌ಟಾಪ್ ತೆಗೆದುಕೊಂಡ ಜೂನ್ 10.

ಡ್ಯೂ ಡೇಟ್ ತನಕ ಬಡ್ಡಿ ಇಲ್ಲ ಅನ್ನುವುದಕ್ಕೆ ಒಂದು ಷರತ್ತು ಇದೆ. ಟೋಟಲ್ ಡ್ಯೂ ಪೂರ್ತಿ ಕಟ್ಟಿದವರಿಗೆ ಮಾತ್ರ ಅದು. ಕಟ್ಟಲಿಲ್ಲವೋ, ಆ ರಿಯಾಯಿತಿ ಹಿಂದಿನಿಂದಲೇ ರದ್ದಾಗುತ್ತದೆ. ಬಿಲ್ಲಿಂಗ್ ಯಂತ್ರ ಖರೀದಿ ಮಾಡಿದ ದಿನಕ್ಕೆ ವಾಪಸ್ ಹೋಗಿ ಅಲ್ಲಿಂದ ದಿನ ಎಣಿಸಿಕೊಂಡು ಬರುತ್ತದೆ.

ಈಗ ನೀವೇ ಎಣಿಸಿ. ಜೂನ್ 10ರಿಂದ ಜುಲೈ 24ರ ತನಕ 45 ದಿನ. ಆಗೆಲ್ಲ ಬಾಕಿ ಪೂರ್ತಿ 60,000, ದಿನಕ್ಕೆ 60. ಅಲ್ಲಿಗೇ 2,700 ಆಯಿತು. ಜುಲೈ 25ಕ್ಕೆ ನಿಮ್ಮ 3,000 ಬಂತು, ಬಾಕಿ 57,000ಕ್ಕೆ ಇಳಿಯಿತು. ಅಲ್ಲಿಂದ ಸ್ಟೇಟ್‌ಮೆಂಟ್ ದಿನದ ತನಕ ವಿನಯ್ ಹೇಳಿದ 12 ದಿನ, 684. ಎರಡೂ ಸೇರಿಸಿ.

ನಿದ್ದೆಗೆಟ್ಟವ · ಆಗಸ್ಟ್ 9, ಬೆಳಗ್ಗೆ 10:41

3,384. ಅಯ್ಯೋ.

ಹಾಗಾದರೆ ನಾನು 3,000 ಕಟ್ಟಿದ್ದು ಬಡ್ಡಿಗೂ ಸಾಲಲಿಲ್ಲ.

ಹಳೇ ಗುಮಾಸ್ತ · ಆಗಸ್ಟ್ 9, ಬೆಳಗ್ಗೆ 10:55

ಮೊದಲ ತಿಂಗಳು ಸಾಲುವುದಿಲ್ಲ. ಯಾಕೆ ಅಂದರೆ ಅದರಲ್ಲಿ ಸುಮಾರು ಎರಡು ತಿಂಗಳ ಬಡ್ಡಿ ಒಟ್ಟಿಗೆ ಬಿದ್ದಿದೆ, 57 ದಿನದ್ದು. ಜುಲೈ ಸ್ಟೇಟ್‌ಮೆಂಟ್ ತಯಾರಾಗುವಾಗ ನೀವು ಪೂರ್ತಿ ಕಟ್ಟುತ್ತೀರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದರಲ್ಲಿ ಬಡ್ಡಿ ಸೊನ್ನೆ ತೋರಿಸಿದರು, ಮಿನಿಮಮ್ ಕೂಡ ಬರೀ ಅಸಲಿನ 5% ಆಯಿತು. ಮುಂದಿನ ತಿಂಗಳಿಂದ 30–31 ದಿನದ ಬಡ್ಡಿ ಮಾತ್ರ ಬರುತ್ತದೆ, ಬಾಕಿ ಇಳಿಯುತ್ತದೆ. ಎಷ್ಟು ನಿಧಾನ ಅನ್ನುವುದು ಬೇರೆ ಕಥೆ.

ವಿನಯ್ ಎಂ · ಆಗಸ್ಟ್ 9, ಮಧ್ಯಾಹ್ನ 12:20

ಖರೀದಿ ದಿನದಿಂದ ಅನ್ನುವುದು ಒಪ್ಪಿದೆ. ಆದರೂ ಒಂದು ತಕರಾರು. ಡ್ಯೂ ಡೇಟ್ ಒಳಗೆ 3,000 ಕಟ್ಟಿದ್ದಾರಲ್ಲ, ಆ ಭಾಗಕ್ಕಾದರೂ ಬಡ್ಡಿ ಹಾಕಬಾರದು. 57,000ಕ್ಕೆ ಮಾತ್ರ 57 ದಿನ ಹಾಕಿದರೆ 3,249. ನನ್ನ ಅಣ್ಣ ಅಮೆರಿಕದಲ್ಲಿದ್ದಾನೆ, ಅಲ್ಲಿ ಹೀಗೇ ಅಂತ ಹೇಳಿದ್ದ.

ಹಳೇ ಗುಮಾಸ್ತ · ಆಗಸ್ಟ್ 9, ಮಧ್ಯಾಹ್ನ 1:05

ನಿಮ್ಮ ಅಣ್ಣ ಹೇಳಿದ್ದು ಸರಿ. ಅಲ್ಲಿ 2009ರಲ್ಲಿ ಬಂದ ಕಾರ್ಡ್ ಕಾಯ್ದೆ ಅದನ್ನು ತಡೆದಿದೆ. ರಿಯಾಯಿತಿ ಅವಧಿಯ ಒಳಗೆ ಕಟ್ಟಿದ ಭಾಗಕ್ಕೆ ಬಡ್ಡಿ ಹಾಕುವಂತಿಲ್ಲ. ಆದರೆ ಆ ನಿಯಮ ಎಲ್ಲ ಕಡೆ ಇಲ್ಲ. ಇವರ ಕಾರ್ಡ್‌ನಲ್ಲಿ ಇಲ್ಲ ಅನ್ನುವುದು 3,384 ನೋಡಿದರೇ ಗೊತ್ತಾಗುತ್ತದೆ. ಇದ್ದಿದ್ದರೆ 3,249 ಬರುತ್ತಿತ್ತು.

ಇವರ ವಿಷಯದಲ್ಲಿ ವ್ಯತ್ಯಾಸ ಬರೀ 135. ಆದರೆ ಬಾಕಿಯಲ್ಲಿ ಹೆಚ್ಚಿನ ಪಾಲು ಕಟ್ಟಿದವರನ್ನು ನೋಡಿ. 60,000ದಲ್ಲಿ 59,500 ಕಟ್ಟಿ 500 ಮಾತ್ರ ಉಳಿಸಿದರು ಅಂತ ಇಟ್ಟುಕೊಳ್ಳಿ. ಇವರ ಕಾರ್ಡ್‌ನಲ್ಲಿ 45 ದಿನಕ್ಕೆ ಪೂರ್ತಿ 60,000ದ ಬಡ್ಡಿ 2,700, ಆಮೇಲೆ 500ಕ್ಕೆ 12 ದಿನಕ್ಕೆ 6. ಒಟ್ಟು 2,706. ಅಣ್ಣನ ಕಾರ್ಡ್‌ನಲ್ಲಿ ಅದೇ 500ಕ್ಕೆ 57 ದಿನ, 29ರ ಹತ್ತಿರ. ನಾನು ಕೆಲಸದಲ್ಲಿದ್ದಾಗ ಅತಿ ಜಾಸ್ತಿ ಬೈಸಿಕೊಂಡದ್ದು ಇಂಥವರಿಂದಲೇ. "ಐನೂರಕ್ಕೆ ಎರಡೂವರೆ ಸಾವಿರಕ್ಕಿಂತ ಜಾಸ್ತಿ ಬಡ್ಡಿಯಾ?" ಅಂತ ಕೂಗಾಡುತ್ತಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಷರತ್ತಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅದು ಬರೆದಿರುತ್ತಿತ್ತು.

ಶಾಲಿನಿ · ಆಗಸ್ಟ್ 9, ಸಂಜೆ 6:10

ನಂದು ಉಲ್ಟಾ ಕೇಸ್. ನಾನು ಒಂದು ವರ್ಷ ಮಿನಿಮಮ್ ಕಟ್ಟಿಕೊಂಡು ಬಂದೆ. ಆಮೇಲೆ ಬೋನಸ್ ಬಂದಾಗ ಟೋಟಲ್ ಡ್ಯೂ ಪೂರ್ತಿ ಕಟ್ಟಿಬಿಟ್ಟೆ, ಡ್ಯೂ ಡೇಟ್ ದಿನವೇ. ಸಮಾಧಾನ ಆಯಿತು. ಮುಂದಿನ ತಿಂಗಳು ಮತ್ತೆ ಒಂದು ಸಾವಿರದ ಮೇಲೆ ಬಡ್ಡಿ! ಬಾಕಿ ಸೊನ್ನೆ, ಬಡ್ಡಿ ಮಾತ್ರ ಇದೆ. ದೆವ್ವ ಕಂಡ ಹಾಗಾಯಿತು. ಕೇಳಿದರೆ "ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ ಮೇಡಂ" ಅಂದರು. ಇದಕ್ಕೆ ಏನು ಹೇಳುತ್ತೀರಿ ಗುಮಾಸ್ತರೇ?

ಹಳೇ ಗುಮಾಸ್ತ · ಆಗಸ್ಟ್ 9, ಸಂಜೆ 7:25

ದೆವ್ವ ಅಲ್ಲ ಮೇಡಂ, ಬಾಲ. ಒಮ್ಮೆ ಬಾಕಿ ಮುಂದಕ್ಕೆ ಹೋಯಿತು ಅಂದರೆ ಬಡ್ಡಿ ದಿನಾ ಓಡುತ್ತಿರುತ್ತದೆ. ಸ್ಟೇಟ್‌ಮೆಂಟ್ ಅನ್ನುವುದು ಓಡುವುದರ ಮಧ್ಯೆ ತೆಗೆದ ಫೋಟೋ. ಅದು 5ಕ್ಕೆ ಬಂತು, ನೀವು 25ಕ್ಕೆ ಕಟ್ಟಿದಿರಿ. ಮಧ್ಯದ 19 ದಿನ ಬಾಕಿ ಇತ್ತಲ್ಲ? ಆ ದಿನಗಳ ಬಡ್ಡಿ ಆ ಸ್ಟೇಟ್‌ಮೆಂಟ್‌ನಲ್ಲಿ ಇರಲು ಸಾಧ್ಯವೇ ಇಲ್ಲ, ಮುಂದಿನದರಲ್ಲಿ ಬರುತ್ತದೆ. ಬಾಕಿ 59,000 ಇದ್ದರೆ, ಇದೇ ದರದಲ್ಲಿ, 1,121.

ಆ ಕೊನೆಯ ತುಂಡನ್ನೂ ಪೂರ್ತಿ ಕಟ್ಟಿದ ಮೇಲೆ ರಿಯಾಯಿತಿ ವಾಪಸ್ ಬರುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಸತತ ಎರಡು ಸ್ಟೇಟ್‌ಮೆಂಟ್ ಪೂರ್ತಿ ಕಟ್ಟಬೇಕು ಅಂತ ಇರುತ್ತದೆ. ತುಂಬಾ ಜನ ಇಲ್ಲೇ ಎಡವುತ್ತಾರೆ. ಪೂರ್ತಿ ಕಟ್ಟಿದೆ, ಮುಗಿಯಿತು ಅಂತ ಮುಂದಿನ ಸ್ಟೇಟ್‌ಮೆಂಟ್ ತೆಗೆದೇ ನೋಡುವುದಿಲ್ಲ. ಆ ಸಾವಿರ ಚಿಲ್ಲರೆ ಹಾಗೇ ಉಳಿದು, ಅದಕ್ಕೆ ಲೇಟ್ ಫೀ ಬೀಳುತ್ತದೆ.

ಶಾಲಿನಿ · ಆಗಸ್ಟ್ 9, ಸಂಜೆ 7:31

ಆ ವರ್ಷ ಪೂರ್ತಿ ಕಾರ್ಡ್ ಬಳಸುತ್ತಲೂ ಇದ್ದೆ. ಅದಕ್ಕೂ?

ಹಳೇ ಗುಮಾಸ್ತ · ಆಗಸ್ಟ್ 9, ಸಂಜೆ 7:48

ಅದಕ್ಕೂ. ರಿಯಾಯಿತಿ ಹೋದ ಮೇಲೆ ಹೊಸ ಖರೀದಿಗೆ ಮೊದಲ ದಿನದಿಂದಲೇ ಬಡ್ಡಿ. ನಿದ್ದೆಗೆಟ್ಟವರು ಆಗಸ್ಟ್ 7ಕ್ಕೆ 10,000ದ ಇನ್ನೊಂದು ವಸ್ತು ತೆಗೆದುಕೊಂಡಿದ್ದರೆ, ಸೆಪ್ಟೆಂಬರ್ 5ರ ಸ್ಟೇಟ್‌ಮೆಂಟ್ ಬರುವ ಹೊತ್ತಿಗೆ ಅದಕ್ಕೆ 30 ದಿನದ 300 ಆಗಲೇ ಸೇರಿರುತ್ತಿತ್ತು. ಅದರ ಡ್ಯೂ ಡೇಟ್ ಇನ್ನೂ ಬಂದೇ ಇರುವುದಿಲ್ಲ. ಬಾಕಿ ಇರುವ ಕಾರ್ಡ್ ಉಜ್ಜುವ ಬದಲು, ಇದ್ದರೆ ಕೈಯಿಂದ ಹಣ ಕೊಡಿ.

ಎಕ್ಸೆಲ್ ರಾಮಯ್ಯ · ಆಗಸ್ಟ್ 9, ರಾತ್ರಿ 9:40

ಗುಮಾಸ್ತರು "ಬೇರೆ ಕಥೆ" ಅಂದದ್ದನ್ನು ನಾನು ಹಾಳೆಗೆ ಹಾಕಿ ನೋಡಿದೆ. ಭಾನುವಾರ ಬೇರೆ ಕೆಲಸ ಇರಲಿಲ್ಲ. ಮೊದಲ ತಿಂಗಳದ್ದು ಇದು:

```
=60000*0.001*45 + 57000*0.001*12
```

ಮುಂದೆ ಕಾರ್ಡ್ ಬಳಸುವುದಿಲ್ಲ, ಪ್ರತಿ 25ಕ್ಕೆ ಬಾಕಿಯ 5% ಮಾತ್ರ ಕಟ್ಟುತ್ತಾರೆ ಅಂತ ಇಟ್ಟುಕೊಂಡೆ. ಆಗಸ್ಟ್ 25ಕ್ಕೆ 3,019 ಕಟ್ಟಿದರೆ, ಸೆಪ್ಟೆಂಬರ್ 5ಕ್ಕೆ 1,836 ಬಡ್ಡಿ ಸೇರಿ ಬಾಕಿ 59,201. ಇಳಿದದ್ದು 1,183. ಹೀಗೇ ತಿಂಗಳಿಗೆ ಸುಮಾರು 2% ಇಳಿಯುತ್ತಾ ಹೋಗುತ್ತದೆ. 30,000 ಮುಟ್ಟಲು 35 ತಿಂಗಳು! ಅಷ್ಟರಲ್ಲಿ ಕಟ್ಟಿದ್ದು 76,000ಕ್ಕೂ ಜಾಸ್ತಿ. ಲ್ಯಾಪ್‌ಟಾಪ್ ಹಳೆಯದಾಗಿರುತ್ತದೆ, ಅರ್ಧ ಸಾಲ ಹಾಗೇ ಇರುತ್ತದೆ.

ಆದರೆ ನನಗೆ ಆಶ್ಚರ್ಯ ಆದದ್ದು ಇದಲ್ಲ. ಸುಮ್ನೆ ಒಂದು ಬದಲಾವಣೆ ಮಾಡಿದೆ. 60,000ದಿಂದ ಶುರು ಮಾಡಿ, ಸ್ಟೇಟ್‌ಮೆಂಟ್ ಎಷ್ಟೇ ಕೇಳಲಿ, ಪ್ರತಿ ತಿಂಗಳು 3,000ವನ್ನೇ ಕಟ್ಟಿದರೆ ಏನಾಗುತ್ತದೆ ಅಂತ. ಸಾಲ ಪೂರ್ತಿ ತೀರಲು 31 ತಿಂಗಳು. ಕಟ್ಟಿದ್ದು ಒಟ್ಟು 92,000 ಆಸುಪಾಸು. ಶುರುವಿನಲ್ಲಿ ಎರಡೂ ಒಂದೇ ಮೊತ್ತ, ನೋಡಿ! ಒಂದರಲ್ಲಿ 35 ತಿಂಗಳಿಗೆ ಅರ್ಧ ಸಾಲ, ಇನ್ನೊಂದರಲ್ಲಿ 31ಕ್ಕೆ ಸೊನ್ನೆ. ನನ್ನ ಹಾಳೆಯಲ್ಲಿ ತಪ್ಪಿದೆಯಾ?

ಹಳೇ ಗುಮಾಸ್ತ · ಆಗಸ್ಟ್ 10, ಬೆಳಗ್ಗೆ 9:15

ತಪ್ಪಿಲ್ಲ ರಾಮಯ್ಯನವರೇ, ಇಡೀ ವಿಷಯದ ತಿರುಳನ್ನೇ ಹಿಡಿದಿದ್ದೀರಿ. ಮಿನಿಮಮ್ ಅನ್ನುವುದು ಬಾಕಿಯ ಪಾಲು. ಬಾಕಿ ಇಳಿದರೆ ಅದೂ ಇಳಿಯುತ್ತದೆ. ಮೊದಲು 3,000 ಕೇಳುತ್ತದೆ, ಬಾಕಿ ಅರ್ಧ ಆದಾಗ 1,500 ಕೇಳುತ್ತದೆ. ಜನ ಇದನ್ನು ಉಪಕಾರ ಅಂದುಕೊಳ್ಳುತ್ತಾರೆ, "ಈ ತಿಂಗಳು ಕಡಿಮೆ ಬಂದಿದೆ" ಅಂತ ಖುಷಿ. ನಿಜದಲ್ಲಿ ಬಡ್ಡಿ ಕಡಿಮೆಯಾಗಿ ಕೈಗೆ ಸಿಕ್ಕ ಅನುಕೂಲ ಅಸಲಿಗೆ ಹೋಗಬೇಕಿತ್ತು. ಅದು ಹೋಗದೆ ಅವರ ಜೇಬಿಗೆ ವಾಪಸ್ ಬರುತ್ತದೆ, ಸಾಲ ಮಾತ್ರ ಅಲ್ಲೇ ಇರುತ್ತದೆ. ಇವರ ದರದಲ್ಲಿ ಕಟ್ಟುವ ಪ್ರತಿ 100ರಲ್ಲಿ 61 ಬಡ್ಡಿಗೆ, 39 ಅಸಲಿಗೆ. ಮೂರು ವರ್ಷ ಕಳೆದರೂ ಅದೇ 61, ಅದೇ 39. ಮೊತ್ತ ಗಟ್ಟಿಯಾಗಿ ಹಿಡಿದರೆ ಈ ಪಾಲು ತಿಂಗಳಿಂದ ತಿಂಗಳಿಗೆ ಅಸಲಿನ ಕಡೆ ವಾಲುತ್ತದೆ.

ಹಾಗಂತ ಎಲ್ಲ ಕಾರ್ಡ್‌ನಲ್ಲೂ ಮಿನಿಮಮ್ ಒಂದೇ ಥರ ಅಲ್ಲ. ಕೆಲವರು ಆ ತಿಂಗಳ ಪೂರ್ತಿ ಬಡ್ಡಿ, ಅದರ ಮೇಲೆ ಅಸಲಿನ 1% ಅಂತ ಕೇಳುತ್ತಾರೆ. ಅಲ್ಲಿ ಇನ್ನೂ ನಿಧಾನ. ಬಡ್ಡಿಯ ಮೇಲೆ ಅಸಲಿನ 5% ಕೇಳುವವರೂ ಇದ್ದಾರೆ. ಅಲ್ಲಿ ಬೇಗ ಇಳಿಯುತ್ತದೆ, ಆದರೆ ತಿಂಗಳಿಗೆ ಕಟ್ಟುವುದು ಭಾರ. ಬಾಕಿ ತೀರಾ ಸಣ್ಣದಾದಾಗ ಒಂದು ನಿಗದಿತ ಮೊತ್ತಕ್ಕಿಂತ ಕೆಳಗೆ ಮಿನಿಮಮ್ ಹೋಗುವುದಿಲ್ಲ. ಅದಿಲ್ಲದಿದ್ದರೆ ಈ ಸಾಲ ಲೆಕ್ಕದ ಪ್ರಕಾರ ಎಂದೂ ಮುಗಿಯುತ್ತಲೇ ಇರಲಿಲ್ಲ.

ಸಂಜೆ ಬಸ್ಸು · ಆಗಸ್ಟ್ 10, ಬೆಳಗ್ಗೆ 9:50

ಅಷ್ಟು ಕೆಟ್ಟದ್ದಾದರೆ ಮಿನಿಮಮ್ ಕೂಡ ಕಟ್ಟಬಾರದು ಹಾಗಾದರೆ? ಹೇಗೂ ಬಡ್ಡಿ ಬರುತ್ತೆ.

ಶಾಲಿನಿ · ಆಗಸ್ಟ್ 10, ಬೆಳಗ್ಗೆ 10:12

ಅಯ್ಯೋ ಬೇಡ! ಕಟ್ಟದಿದ್ದರೆ ಅದೇ ಬಡ್ಡಿ, ಜೊತೆಗೆ ಲೇಟ್ ಫೀ, ಜೊತೆಗೆ ತಡವಾಗಿ ಕಟ್ಟಿದವರು ಅಂತ ದಾಖಲೆ. ನನ್ನದು ಒಂದು ವರ್ಷ ಮಿನಿಮಮ್ ಕಟ್ಟಿದಾಗ ದಾಖಲೆಯಲ್ಲಿ "ಸಮಯಕ್ಕೆ ಕಟ್ಟಿದ್ದಾರೆ" ಅಂತಲೇ ಇತ್ತು. ಆದರೂ ಸ್ಕೋರ್ ಇಳಿದಿತ್ತು, ಮಿತಿಯ ಬಹುಪಾಲು ಯಾವಾಗಲೂ ತುಂಬೇ ಇತ್ತಲ್ಲ, ಅದಕ್ಕೆ.

ನಿದ್ದೆಗೆಟ್ಟವ · ಆಗಸ್ಟ್ 10, ಮಧ್ಯಾಹ್ನ 2:30

ರಾಮಯ್ಯನವರೇ, 6,000 ಹಾಕಿ ನೋಡುತ್ತೀರಾ? ಅಷ್ಟು ಕಷ್ಟಪಟ್ಟು ಹೊಂದಿಸಬಹುದು ಅನಿಸುತ್ತದೆ. ಇನ್ನೊಂದು, ಉಳಿತಾಯ ಅಂತ 20,000 ಪಕ್ಕಕ್ಕೆ ಇಟ್ಟಿದ್ದೇನೆ. ಮುಟ್ಟಲು ಮನಸ್ಸಿಲ್ಲ.

ಎಕ್ಸೆಲ್ ರಾಮಯ್ಯ · ಆಗಸ್ಟ್ 10, ಮಧ್ಯಾಹ್ನ 3:05

60,000ದಿಂದ ಶುರುವಾದರೆ, 6,000ದಂತೆ 12 ತಿಂಗಳು. ಒಟ್ಟು 72,000ಕ್ಕಿಂತ ಸ್ವಲ್ಪ ಕಡಿಮೆ. ತಿಂಗಳ ಮೊತ್ತ ಎರಡು ಪಟ್ಟು ಮಾಡಿದರೆ ಬಡ್ಡಿ 32,000ದಿಂದ 12,000ಕ್ಕೆ ಇಳಿಯಿತು. ನಾನೇ ನಂಬದೆ ಎರಡು ಸಲ ನೋಡಿದೆ.

ಹಳೇ ಗುಮಾಸ್ತ · ಆಗಸ್ಟ್ 10, ಸಂಜೆ 5:20

ಆ 20,000ದ ಮಾತು. ಅದು ಪಕ್ಕದಲ್ಲಿ ಕೂತಿರುವ ಪ್ರತಿ ದಿನ ಕಾರ್ಡ್ ಕಡೆಯಿಂದ 20 ಕಳೆಯುತ್ತಿದ್ದೀರಿ. ಉಳಿತಾಯದಲ್ಲಿ ಅಷ್ಟು ಬಡ್ಡಿ ಯಾರೂ ಕೊಡುವುದಿಲ್ಲ. ತುರ್ತಿಗೆ ಅಂತ ಸ್ವಲ್ಪ ಇಟ್ಟುಕೊಳ್ಳಬೇಕು, ಅದು ಬೇರೆ ಮಾತು. ಎಷ್ಟು ಅಂತ ನಾನು ಹೇಳಲಾರೆ, ಮನೆ ನಿಮ್ಮದು.

ಕಟ್ಟುವುದಾದರೆ 25ರ ತನಕ ಕಾಯಬೇಡಿ. ಡ್ಯೂ ಡೇಟ್ ತನಕ ಕಾಯುವುದು ಪೂರ್ತಿ ಕಟ್ಟುವವರ ಜಾಣತನ. ರಿಯಾಯಿತಿ ಕಳೆದುಕೊಂಡವರಿಗೆ ಅದರಿಂದ ಲಾಭ ಇಲ್ಲ, ಬರೀ ದಿನ ಜಾಸ್ತಿ. 6ಕ್ಕೆ 10,000 ಕಟ್ಟಿದವನಿಗೂ 25ಕ್ಕೆ ಕಟ್ಟಿದವನಿಗೂ 190 ವ್ಯತ್ಯಾಸ. ಒಂದೇ ಎಚ್ಚರಿಕೆ, ಸ್ಟೇಟ್‌ಮೆಂಟ್ ಬಂದ ಮೇಲೆ ಕಟ್ಟಿ. ಅದಕ್ಕೆ ಮುಂಚೆ ಕಟ್ಟಿದ್ದನ್ನು ಹೊಸ ಮಿನಿಮಮ್‌ಗೆ ಜಮಾ ಹಿಡಿಯದೆ ಇರಬಹುದು, ಆಗ ಲೇಟ್ ಫೀ ಬೀಳುತ್ತದೆ.

ವಿನಯ್ ಎಂ · ಆಗಸ್ಟ್ 10, ರಾತ್ರಿ 8:45

ರಾಮಯ್ಯ ಸರ್ ಹಾಳೆಯಲ್ಲಿ ನನಗೊಂದು ಅನುಮಾನ. ಸೆಪ್ಟೆಂಬರ್‌ಗೆ 1,836 ಅಂದಿರಿ. ಅದರಲ್ಲಿ ಹಳೇ ಬಡ್ಡಿ 3,384ರ ಮೇಲೂ ಬಡ್ಡಿ ಹಾಕಿದ್ದೀರಿ. ಬಡ್ಡಿಗೆ ಬಡ್ಡಿ ಎಲ್ಲರೂ ಹಾಕುವುದಿಲ್ಲ. ಅಸಲು 57,000ಕ್ಕೆ ಮಾತ್ರ ಹಾಕಿದರೆ, 3,019 ಮೊದಲು ಬಡ್ಡಿಗೆ ಹೋಯಿತು ಅಂತ ಹಿಡಿದರೆ, 31 ದಿನಕ್ಕೆ 1,767.

ಎಕ್ಸೆಲ್ ರಾಮಯ್ಯ · ಆಗಸ್ಟ್ 10, ರಾತ್ರಿ 9:10

ಹಾಕುತ್ತಾರೆ ಅಂದುಕೊಂಡಿದ್ದೆ. 60,384 ಅನ್ನುವುದೇ ಬಾಕಿ, ಅದಕ್ಕೇ ಬಡ್ಡಿ. ಅಲ್ವಾ ಗುಮಾಸ್ತರೇ?

ಹಳೇ ಗುಮಾಸ್ತ · ಆಗಸ್ಟ್ 10, ರಾತ್ರಿ 9:35

ಎರಡೂ ಥರ ನೋಡಿದ್ದೇನೆ. ನಾನಿದ್ದ ಕಡೆಯೇ ಒಂದು ಕಾರ್ಡ್‌ನಲ್ಲಿ ಸ್ಟೇಟ್‌ಮೆಂಟ್ ದಿನ ಬಡ್ಡಿಯನ್ನು ಬಾಕಿಗೆ ಸೇರಿಸಿ ಮುಂದೆ ಹೋಗುತ್ತಿದ್ದರು, ಇನ್ನೊಂದರಲ್ಲಿ ಬೇರೆ ಸಾಲಿನಲ್ಲಿ ಇಡುತ್ತಿದ್ದರು. ಇವರದ್ದು ಯಾವುದು ಅನ್ನುವುದು ಈ ಒಂದು ಸ್ಟೇಟ್‌ಮೆಂಟ್‌ನಿಂದ ಗೊತ್ತಾಗುವುದಿಲ್ಲ, ಯಾಕೆ ಅಂದರೆ ಮೊದಲ ತಿಂಗಳು ಹಳೇ ಬಡ್ಡಿ ಇರಲೇ ಇಲ್ಲ. ಸೆಪ್ಟೆಂಬರ್ 5ಕ್ಕೆ ಬರುವ ಅಂಕಿಯೇ ಹೇಳಬೇಕು.

ನಿದ್ದೆಗೆಟ್ಟವ · ಆಗಸ್ಟ್ 11, ಬೆಳಗ್ಗೆ 8:20

ನಿನ್ನೆ ರಾತ್ರಿ ಆ ದಿನಕ್ಕೆ 20ರ ಮಾತು ನಿದ್ದೆ ಮಾಡಲು ಬಿಡಲಿಲ್ಲ. ಈಗ 20,000 ಕಟ್ಟಿದೆ, ಈ ದಿನವೇ ಜಮಾ ಆಗಿದೆ. ಕಾರ್ಡ್ ಮನೆಯವಳ ಕೈಗೆ ಕೊಟ್ಟಿದ್ದೇನೆ, ಎಲ್ಲಿ ಇಟ್ಟಿದ್ದಾಳೋ ಕೇಳಿಲ್ಲ.

ಎಕ್ಸೆಲ್ ರಾಮಯ್ಯ · ಆಗಸ್ಟ್ 11, ಬೆಳಗ್ಗೆ 8:52

ಹಾಗಾದರೆ ನಮ್ಮ ಅಂಕಿಗಳು ಬದಲಾದವು. 11ರಿಂದ ಬಾಕಿ 40,384. ಬಡ್ಡಿಗೆ ಬಡ್ಡಿ ಇದ್ದರೆ ಸೆಪ್ಟೆಂಬರ್ 5ಕ್ಕೆ 1,352 ಬರಬೇಕು. ಇಲ್ಲದಿದ್ದರೆ 1,335. ಹದಿನೇಳೇ ವ್ಯತ್ಯಾಸ, ಪೈಸೆ ತನಕ ನೋಡಿ ಹೇಳಿ.

ವಿನಯ್ ಎಂ · ಆಗಸ್ಟ್ 11, ಬೆಳಗ್ಗೆ 9:03

1,335. ಬರೆದಿಟ್ಟುಕೊಳ್ಳಿ.